ಕಪ್ಪು ಬಟ್ಟೆಯ ಮೇಲಣ ಬಿಳಿಯ ಕಲೆ

ಕೋಲ್ಕತ್ತದಲ್ಲಿ ಬೇಸಗೆ ಕಳೆದು ಮಳೆ ಹಿಡಿದರೂ ಬೆವರು ಬಿಡುವುದಿಲ್ಲ. ಬೆವರು ಆರಬೇಕಾದರೆ ಸುತ್ತಣ ಗಾಳಿ ಒಣಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯೇ ನೀರುಂಡು ತೂಕವಾಗಿರುವುದರಿಂದ ಮೈಯ ಮೇಲಿನ ಬೆವರು ಆರದೆ ಬಟ್ಟೆಗೆ ಇಳಿಯುತ್ತದೆ. ಅದಕ್ಕಾಗಿ ಶಾಲೆಗೆ ಹೊರಡುವ ಮುನ್ನ ಕೆಲವರು ಕಂಕುಳಿಗೆ ಡಿಯೋಡರೆಂಟ್ ಹಚ್ಚುತ್ತಾರೆ. ಕೆಲವರು ಬೆವರುಸಾಲೆಯ ಪುಡಿಯನ್ನು ಕತ್ತಿಗೂ ಬೆನ್ನಿಗೂ ಉದುರಿಸಿಕೊಳ್ಳುತ್ತಾರೆ. ಸಂಜೆ ಮನೆಗೆ ಬಂದು ನೋಡಿದರೆ ಕಡುನೀಲಿಯ ಅಂಗಿಯ ಕಂಕುಳಲ್ಲಿ ಬಿಳಿಯ ಪಟ್ಟೆ ಮೂಡಿರುತ್ತದೆ. ಒಗೆದಾಗ ಅದು ಮಾಯವಾದಂತೆ ತೋರಿ, ಒಣಗಿದೊಡನೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಜಾಗದ ಬಟ್ಟೆ ರಟ್ಟಿನಂತೆ ಬಿರುಸಾಗುತ್ತದೆ. ಕಾಲರು, ತೋಳು, ಗುಂಡಿ ಎಲ್ಲವೂ ಗಟ್ಟಿಯಾಗಿರುವಾಗಲೇ ಅಂಗಿ ಮೂಲೆ ಸೇರುತ್ತದೆ. ಒಗೆದವರು ಸರಿಯಾಗಿ ಸಾಬೂನು ಹಾಕಲಿಲ್ಲವೆಂದು ಮನೆಯಲ್ಲಿ ಮಾತು ಬರುತ್ತದೆ.

ಆದರೆ ಇಲ್ಲಿ ಸಾಬೂನು ಕಡಿಮೆಯಾದುದು ಕಾರಣವಲ್ಲ. ಹಲವು ವೇಳೆ ಸಾಬೂನೇ ಆ ಕಲೆಯನ್ನು ಬಟ್ಟೆಗೆ ಬಿಗಿದು ಕೂರಿಸಿರುತ್ತದೆ. ಅದು ಹೇಗೆಂಬುದನ್ನು ತಿಳಿದುಕೊಂಡರೆ ಕಲೆಯನ್ನು ತೆಗೆಯುವ ದಾರಿಯೂ ಬಾರದಂತೆ ತಡೆಯುವ ದಾರಿಯೂ ತಾವಾಗಿಯೇ ತೋರುತ್ತವೆ.

ಬಿಳಿಯ ಕಲೆಗಳು ಮೂರು ಬಗೆ

ಕಪ್ಪು ಬಟ್ಟೆಯ ಮೇಲೆ ಕಾಣುವ ಬಿಳುಪೆಲ್ಲ ಒಂದೇ ವಸ್ತುವಲ್ಲ. ಮೊದಲನೆಯದು ಉಪ್ಪು. ಬೆವರಿನಲ್ಲಿ ನೀರಿನೊಡನೆ ನಾವು ಊಟಕ್ಕೆ ಬಳಸುವ ಉಪ್ಪೇ ಇದೆ. ನೀರು ಆರಿದ ಮೇಲೆ ಅದು ಬೆನ್ನಿನ ಮೇಲೆ, ಕಂಕುಳ ಸುತ್ತ, ಅಲೆಯಂಥ ಗೆರೆಯಾಗಿ ಉಳಿಯುತ್ತದೆ. ಇದು ಬರಿಯ ನೀರಿಗೇ ಕರಗಿಹೋಗುವುದರಿಂದ ಇದರ ಚಿಂತೆ ನಮಗೆ ಬೇಡ.

ಎರಡನೆಯದು ಬಟ್ಟೆಯ ಮೇಲ್ಮೈಗೆ ಒರಸಿಕೊಂಡ ಪುಡಿ ಅಥವಾ ಮೇಣ. ಮೈಗೆ ಹಚ್ಚುವ ಪುಡಿಯಲ್ಲಿ ಹೆಚ್ಚಾಗಿರುವುದು ಟಾಲ್ಕ್ ಎಂಬ ಮೆತುವಾದ ಕಲ್ಲಿನ ಹಿಟ್ಟು. ಕಡ್ಡಿಯ ರೂಪದ ಡಿಯೋಡರೆಂಟಿನಲ್ಲಿ ಮೇಣದಂಥ ಕೊಬ್ಬಿನ ಪದಾರ್ಥಗಳಿರುತ್ತವೆ. ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವಾಗ ಇವು ಬಟ್ಟೆಗೆ ತಗುಲುತ್ತವೆ. ಡಿಸೆಂಬರ್, ಜನವರಿಯಲ್ಲಿ ತೊಡುವ ಕಡುಬಣ್ಣದ ಸ್ವೆಟರಿನ ಮೇಲೆ ಕಾಣುವ ಬಿಳಿಯ ಗೀರು ಬಹುಮಟ್ಟಿಗೆ ಇದೇ.

ಮೂರನೆಯದೇ ನಿಜವಾದ ಹಗೆ. ಅದು ನೂಲಿನ ಒಳಗೆ ಕುಳಿತು ಒಗೆತದಿಂದ ಒಗೆತಕ್ಕೆ ಬೆಳೆಯುತ್ತ, ಬಟ್ಟೆಯನ್ನು ಬಿರುಸು ಮಾಡುವ ಅಲ್ಯೂಮಿನಿಯಂ ಮಡ್ಡಿ. ಅದು ಎಲ್ಲಿಂದ ಬಂತೆಂದು ತಿಳಿಯಲು ನಾವು ಕ್ಷೌರಿಕನ ಪೆಟ್ಟಿಗೆಯನ್ನೂ ನಮ್ಮ ಊರಿನ ಕುಡಿಯುವ ನೀರನ್ನೂ ನೋಡಬೇಕು.

ಪಟಿಕದ ಗುಟ್ಟು

ಕ್ಷೌರವಾದ ಮೇಲೆ ಕ್ಷೌರಿಕನು ಕೆನ್ನೆಗೆ ಉಜ್ಜುವ ಅರೆಪಾರದರ್ಶಕವಾದ ಕಲ್ಲು ಪಟಿಕ. ನಮ್ಮ ಬಂಗಾಳಿ ನೆರೆಯವರು ಅದನ್ನು ಫಟಕಿರಿ ಎನ್ನುತ್ತಾರೆ. ಅದು ಅಲ್ಯೂಮಿನಿಯಂ ಲೋಹದ ಒಂದು ಲವಣ. ಕದಡಿದ ನೀರಿನಲ್ಲಿ ಇದೇ ಕಲ್ಲನ್ನು ಒಂದೆರಡು ಸುತ್ತು ತಿರುಗಿಸಿಟ್ಟರೆ ಕೆಲವು ಗಂಟೆಗಳಲ್ಲಿ ಮಣ್ಣು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕೋಲ್ಕತ್ತದ ಉತ್ತರಕ್ಕಿರುವ ಪಲ್ತಾದಲ್ಲಿ ಹೂಗ್ಲಿ ನದಿಯ ಕೆಸರು ನೀರನ್ನು ಶುದ್ಧಿಮಾಡುವಾಗಲೂ ನಡೆಯುವುದು ಇದೇ ಕ್ರಿಯೆ. ಅಲ್ಯೂಮಿನಿಯಂ ಲವಣವು ನೀರಿನಲ್ಲಿ ಒಡೆದು ಲೋಳೆಯಂಥ, ನೀರಿಗೆ ಕರಗದ ಪದಾರ್ಥವಾಗುತ್ತದೆ. ಆ ಲೋಳೆ ಮಣ್ಣಿನ ಕಣಗಳನ್ನು ಹಿಡಿದು ಕೆಳಗೆಳೆಯುತ್ತದೆ.

ಬೆವರನ್ನೇ ತಡೆಯುವ ದ್ರವ್ಯಗಳು ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬರಿಯ ಡಿಯೋಡರೆಂಟು ನಾತವನ್ನು ಮಾತ್ರ ಕಳೆಯುತ್ತದೆ; ಅದರಲ್ಲಿ ಅಲ್ಯೂಮಿನಿಯಂ ಇರಬೇಕೆಂದಿಲ್ಲ. ಬೆವರುರೋಧಕವಾದರೋ ಬೆವರು ಹೊರಬರುವುದನ್ನೇ ಕಡಿಮೆ ಮಾಡುತ್ತದೆ. ಅದರಲ್ಲಿ ಅಲ್ಯೂಮಿನಿಯಂ ಲವಣ ಇರಲೇಬೇಕು. ಅಮೆರಿಕದಲ್ಲಿ 1888ರಲ್ಲಿ ಮಾರಾಟಕ್ಕೆ ಬಂದ ‘ಮಮ್’ ಮೊದಲನೆಯ ಬಗೆಯದು; 1903ರಲ್ಲಿ ಬಂದ ‘ಎವರ್‌ಡ್ರೈ’ ಎರಡನೆಯ ಬಗೆಯದು. ಆ ಕಾಲದ ಬೆವರುರೋಧಕಗಳಲ್ಲಿದ್ದ ಅಲ್ಯೂಮಿನಿಯಂ ಕ್ಲೋರೈಡು ಎಷ್ಟು ಆಮ್ಲೀಯವಾಗಿತ್ತೆಂದರೆ ಬಟ್ಟೆಯನ್ನೇ ತಿಂದುಹಾಕುತ್ತಿತ್ತು. ಈಗ ಬಳಸುವ ಲವಣಗಳು ಅಷ್ಟು ಉಗ್ರವಲ್ಲ. ನಿಮ್ಮಲ್ಲಿರುವುದು ಯಾವ ಬಗೆಯದೆಂದು ತಿಳಿಯಬೇಕಾದರೆ ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ‘ಅಲ್ಯೂಮಿನಿಯಂ’ ಎಂಬ ಮಾತಿದೆಯೇ ಎಂದು ನೋಡಿದರೆ ಸಾಕು.

ಈ ಲವಣವು ಬೆವರಿನೊಡನೆ ಸೇರಿದಾಗ ಲೋಳೆಯಾಗಿ ಬೆವರಿನ ಸಣ್ಣ ರಂಧ್ರದ ಬಾಯಲ್ಲಿ ಬಿರಡೆಯಂತೆ ನಿಲ್ಲುತ್ತದೆ. ಬೆವರು ತಗ್ಗುವುದು ಇದರಿಂದಲೇ. ಚರ್ಮದ ಮೇಲೆ ಹೆಚ್ಚಾಗಿ ಉಳಿದುದು ಬೆವರಿನೊಡನೆ ಬಟ್ಟೆಗೆ ಇಳಿಯುತ್ತದೆ. ಸಂಜೆ ಆ ಬಟ್ಟೆಗೆ ನಾವು ಬಾರ್ ಸಾಬೂನನ್ನು ತಿಕ್ಕುತ್ತೇವೆ. ಸಾಬೂನು ಕ್ಷಾರಗುಣದ್ದು. ಅದು ತಗುಲಿದೊಡನೆ ಇನ್ನೂ ಕರಗಿದ ಸ್ಥಿತಿಯಲ್ಲಿದ್ದ ಅಲ್ಯೂಮಿನಿಯಂ ಕೂಡ ಲೋಳೆಯಾಗಿ ನೂಲಿನೊಳಗೇ ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲದೆ, ಸಾಬೂನಿನ ಕೊಬ್ಬಿನಂಶವೂ ಅಲ್ಯೂಮಿನಿಯಮ್ಮೂ ಸೇರಿ ನೀರಿಗೆ ಕರಗದ ಹೊಸದೊಂದು ಜಿಡ್ಡಾಗುತ್ತದೆ. ಹಿಂದಿನವರು ಕ್ಯಾನ್‌ವಾಸ್ ಬಟ್ಟೆಗೆ ನೀರು ಹಿಡಿಯದಂತೆ ಮಾಡಲು ಅದನ್ನು ಮೊದಲು ಸಾಬೂನಿನ ನೀರಿನಲ್ಲಿಯೂ ಅನಂತರ ಪಟಿಕದ ನೀರಿನಲ್ಲಿಯೂ ಅದ್ದುತ್ತಿದ್ದರು. ನಾವು ಅರಿಯದೆ ನಮ್ಮ ಅಂಗಿಯ ಕಂಕುಳಿಗೆ ಅದೇ ಸಂಸ್ಕಾರವನ್ನು ದಿನದಿನವೂ ಮಾಡುತ್ತಿರುತ್ತೇವೆ. ಬಣ್ಣಗಾರರು ಬಟ್ಟೆಗೆ ಬಣ್ಣ ಹಿಡಿಯುವುದಕ್ಕೂ ಪಟಿಕವನ್ನು ಬಳಸುವುದುಂಟು. ನೂಲನ್ನು ಬಿಗಿಹಿಡಿಯುವುದು ಅದರ ಸ್ವಭಾವ. ಆದುದರಿಂದ ಇನ್ನಷ್ಟು ಸಾಬೂನು, ಇನ್ನಷ್ಟು ತಿಕ್ಕಾಟ ಎಂಬ ಉಪಾಯ ಇಲ್ಲಿ ಕಲೆಯನ್ನು ಕಳೆಯದೆ ಬೆಳೆಸುತ್ತದೆ.

ಕಲೆಯ ಬಗೆಯನ್ನು ಅರಿಯುವುದು

ಒಣಗಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೊದಲು ಒಣ ಬಟ್ಟೆಯಿಂದಲೇ ಕಲೆಯನ್ನು ತಟ್ಟಿ ಒರಸಿರಿ. ಹೋದರೆ ಅದು ಪುಡಿ ಅಥವಾ ಮೇಣ. ಹೋಗದಿದ್ದರೆ ಒಂದು ಹನಿ ನೀರನ್ನು ಹಾಕಿರಿ. ಕೂಡಲೆ ಕರಗಿ, ಒಣಗಿದ ಮೇಲೂ ಅಲ್ಲಿ ಬಿಳುಪು ಬಾರದಿದ್ದರೆ ಅದು ಉಪ್ಪು. ಹನಿಯು ಇಂಗದೆ ತುಸು ಹೊತ್ತು ಮುತ್ತಿನಂತೆ ನಿಂತು, ಬೆರಳಿಗೆ ಬಟ್ಟೆ ಬಿರುಸಾಗಿ ತಾಗಿದರೆ ಅದು ಅಲ್ಯೂಮಿನಿಯಂ ಮಡ್ಡಿ.

ಇವಲ್ಲದೆ ನಾಲ್ಕನೆಯದೊಂದಿದೆ. ಅದು ಕಲೆಯೇ ಅಲ್ಲ, ಬಟ್ಟೆಯ ಬಣ್ಣ ಹೋಗಿರುವುದು. ಅದನ್ನು ತಿಳಿಯಲು ಆ ಭಾಗವನ್ನೂ ಸುತ್ತಲಿನ ಬಟ್ಟೆಯನ್ನೂ ಚೆನ್ನಾಗಿ ನೆನೆಸಬೇಕು. ಮಡ್ಡಿಯಾಗಿದ್ದರೆ ನೆನೆದಾಗ ಬಿಳುಪು ಬಹುಪಾಲು ಮರೆಯಾಗಿ ಒಣಗಿದಾಗ ಮರಳಿ ಬರುತ್ತದೆ. ನೆನೆದಾಗಲೂ ಆ ಜಾಗ ಸುತ್ತಲಿಗಿಂತ ಪೇಲವವಾಗಿಯೋ ಕೆಂಪು ಛಾಯೆಯದಾಗಿಯೋ ಕಂಡರೆ ಬಣ್ಣವೇ ಕೆಟ್ಟಿದೆ ಎಂದು ತಿಳಿಯಬೇಕು. ಅದಕ್ಕೆ ಯಾವ ಒಗೆತವೂ ಮದ್ದಲ್ಲ. ಮತ್ತೆ ಬಣ್ಣ ಹಾಕಿಸುವುದೊಂದೇ ಉಳಿದ ದಾರಿ.

ಹೊಸ ಗೀರಿಗೆ ಒಣ ಉಪಾಯ

ಮೇಲ್ಮೈಯ ಗೀರಿಗೆ ನೀರನ್ನು ಸೋಕಿಸದಿರುವುದೇ ಜಾಣತನ. ಒದ್ದೆ ಕೈಯಿಂದ ಒರಸಿದರೆ ಪುಡಿ ಕೆಸರಾಗಿ ನೂಲಿನ ಸಂದಿಗೆ ಇಳಿಯುತ್ತದೆ. ಹಳೆಯ ನೈಲಾನ್ ಕಾಲುಚೀಲವನ್ನೋ ಒಣಗಿದ ಸ್ಪಂಜಿನ ತುಂಡನ್ನೋ ತೆಗೆದುಕೊಂಡು, ಬಟ್ಟೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ನೂಲು ಓಡುವ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಕೈಗೆ ಏನೂ ಸಿಗದಿದ್ದರೆ ಅದೇ ಅಂಗಿಯ ಒಳಮಡಿಕೆಯ ಬಟ್ಟೆಯಿಂದ ಉಜ್ಜಿದರೂ ಆಗುತ್ತದೆ. ಅರ್ಧ ನಿಮಿಷದಲ್ಲಿ ಗೀರು ಹೋಗುತ್ತದೆ. ಉಣ್ಣೆಯ ಸ್ವೆಟರಿಗೆ ಇದಕ್ಕಿಂತ ಹೆಚ್ಚಿನದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಳೆಯ ಮಡ್ಡಿಗೆ ಹುಳಿ

ಕರಗದ ಈ ಅಲ್ಯೂಮಿನಿಯಂ ಲೋಳೆಯನ್ನು ಮತ್ತೆ ಕರಗಿಸುವುದು ಆಮ್ಲ. ಮನೆಯಲ್ಲಿ ಸುಲಭವಾಗಿ ಸಿಗುವ ಆಮ್ಲಗಳು ಎರಡು: ಬಿಳಿಯ ವಿನೆಗರು ಮತ್ತು ನಿಂಬೆ ಉಪ್ಪೆಂದು ಕರೆಯುವ ಸಿಟ್ರಿಕ್ ಆಮ್ಲದ ಹರಳು. ಇಲ್ಲಿಯ ಮನೆಗಳಲ್ಲಿ ಹಾಲನ್ನು ಒಡೆದು ಛೇನಾ ಮಾಡಲು ಇವನ್ನು ಬಳಸುವುದುಂಟು. ಎರಡರಲ್ಲಿ ನಿಂಬೆ ಉಪ್ಪೇ ಮೇಲು; ಅದು ಅಲ್ಯೂಮಿನಿಯಮ್ಮನ್ನು ಕರಗಿಸುವುದಷ್ಟೇ ಅಲ್ಲದೆ ಅದನ್ನು ಹಿಡಿದಿಟ್ಟು ಮತ್ತೆ ನೂಲಿಗೆ ಅಂಟಲು ಬಿಡುವುದಿಲ್ಲ.

ಎರಡು ವರ್ಷ ತೊಟ್ಟ ಒಂದು ಕಡುನೀಲಿ ಅಂಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೂಲು ಹತ್ತಿಯೂ ಪಾಲಿಯೆಸ್ಟರೂ ಬೆರೆತದ್ದು. ಎರಡು ಕಂಕುಳೂ ಅಂಗೈಯಗಲ ಬಿರುಸಾಗಿವೆ.

ಮೊದಲು ಅಂಗಿಯನ್ನು ಒಳಮೊಗ ಮಾಡಬೇಕು. ಮಡ್ಡಿ ಕುಳಿತಿರುವುದು ಮೈಗೆ ತಾಗುವ ಬದಿಯಲ್ಲಿ. ಒಣಗಿರುವಾಗಲೇ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಡಿಲವಾದುದನ್ನು ಉದುರಿಸಬೇಕು. ಬಳಿಕ ಒಂದು ಲೀಟರು ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚದಷ್ಟು, ಎಂದರೆ ಸುಮಾರು 15 ಗ್ರಾಂ, ನಿಂಬೆ ಉಪ್ಪನ್ನು ಕರಗಿಸಬೇಕು. ವಿನೆಗರಾದರೆ ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು. ಪಾತ್ರೆ ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಆಗಿರಲಿ. ಅಲ್ಯೂಮಿನಿಯಂ ಪಾತ್ರೆ ಕೂಡದು, ಹುಳಿ ಅದನ್ನೂ ತಿನ್ನುತ್ತದೆ. ಈ ನೀರಿನ ಒಂದು ಹನಿಯನ್ನು ಅಂಗಿಯ ಒಳಹೊಲಿಗೆಗೆ ಹಾಕಿ ಬಿಳಿಯ ಚಿಂದಿಯಿಂದ ಒತ್ತಿ ನೋಡಬೇಕು. ಚಿಂದಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಬಣ್ಣ ಬಿಡದಿದ್ದರೆ ಕಂಕುಳ ಭಾಗಗಳನ್ನು ಮಾತ್ರ ಒಂದು ಗಂಟೆ ನೆನೆಯಿಡಬೇಕು. ನಡುವೆ ಒಂದೆರಡು ಸಲ ಬೆರಳಿನಿಂದ ಹಿಸುಕುತ್ತಿರಬೇಕು. ಲೋಳೆ ಕರಗುತ್ತ ಬಂದಂತೆ ಬಿರುಸು ಮೆತ್ತಗಾಗುವುದು ಕೈಗೆ ತಿಳಿಯುತ್ತದೆ. ಬಳಿಕ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಈ ಜಾಲಾಟವನ್ನು ಅವಸರದಲ್ಲಿ ಮುಗಿಸಕೂಡದು. ಕರಗಿದ ಅಲ್ಯೂಮಿನಿಯಂ ಬಟ್ಟೆಯಲ್ಲಿ ಉಳಿದಿರುವಾಗಲೇ ಸಾಬೂನು ತಗುಲಿದರೆ ಮಡ್ಡಿ ಮರಳಿ ಹುಟ್ಟುತ್ತದೆ.

ಈಗ ಎರಡನೆಯ ಹಂತ. ಆಮ್ಲವು ಅಲ್ಯೂಮಿನಿಯಮ್ಮನ್ನು ಬಿಡಿಸಿದಾಗ ಅದರೊಡನೆ ಸೇರಿದ್ದ ಕೊಬ್ಬು ಬೇರೆಯಾಗಿ ಬಟ್ಟೆಯಲ್ಲೇ ಉಳಿಯುತ್ತದೆ. ಮೈಯ ಜಿಡ್ಡೂ ಕಡ್ಡಿಯ ಮೇಣವೂ ಅಲ್ಲಿಯೇ ಇರುತ್ತವೆ. ಪಾಲಿಯೆಸ್ಟರು ಜಿಡ್ಡನ್ನು ಹತ್ತಿಗಿಂತ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಇವಕ್ಕೆ ಹುಳಿಯ ಭಯವಿಲ್ಲ. ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿಗಳನ್ನು ಪ್ರತಿಯೊಂದು ಕಂಕುಳಿಗೂ ಹಚ್ಚಿ ಕಾಲು ಗಂಟೆ ಬಿಟ್ಟು, ಬೆಚ್ಚನೆಯ ನೀರಿನಲ್ಲಿ ಜಾಲಿಸಬೇಕು. ಕೊನೆಗೆ ಇಡೀ ಅಂಗಿಯನ್ನು ಡಿಟರ್ಜೆಂಟಿನಲ್ಲಿ ಎಂದಿನಂತೆ ಒಗೆದು, ಒಳಮೊಗವಾಗಿಯೇ ನೆರಳಿನಲ್ಲಿ ಒಣಹಾಕಬೇಕು.

ಫಲ ತಿಳಿಯುವುದು ಒಣಗಿದ ಮೇಲೆ. ಇಸ್ತ್ರಿ ಮಾಡುವ ಮೊದಲು ಕಂಕುಳನ್ನು ಮಡಿಸಿ ನೋಡಿರಿ. ಒಂದು ಹನಿ ನೀರನ್ನೂ ಹಾಕಿರಿ. ಬಟ್ಟೆ ಮೆತ್ತಗೆ ಮಡಿದು, ಹನಿ ಬೇಗನೆ ಇಂಗಿದರೆ ಕೆಲಸವಾಯಿತು. ಎರಡು ವರ್ಷದ ಮಡ್ಡಿ ಒಂದೇ ಸಲಕ್ಕೆ ಹೋಗುವುದು ಅಪರೂಪ. ಇದೇ ಕ್ರಮವನ್ನು ಮತ್ತೊಂದೆರಡು ಬಾರಿ ಮಾಡಬೇಕಾಗುತ್ತದೆ. ಪ್ರತಿ ಸಲವೂ ಬಿರುಸು ಕುಗ್ಗುತ್ತಿದ್ದರೆ ಮುಂದುವರಿಸಬಹುದು. ಎರಡು ಸಲಕ್ಕೂ ಏನೊಂದೂ ಬದಲಾಗದಿದ್ದರೆ ಅದು ಬಣ್ಣಗೇಡೋ ನೂಲಿನ ಸವೆತವೋ ಆಗಿರಬೇಕು. ಮತ್ತೆ ಮತ್ತೆ ನೆನೆಸಿ ಬಟ್ಟೆಯನ್ನು ದಣಿಸುವುದು ವ್ಯರ್ಥ.

ಕೆಡುವುದು ಹೇಗೆ?

ವಿನೆಗರಿಗೆ ಅಡುಗೆ ಸೋಡವನ್ನು ಬೆರೆಸಿದರೆ ನೊರೆ ಬುಸುಗುಟ್ಟುತ್ತದೆ. ನೋಡಿದವರಿಗೆ ಏನೋ ಕೆಲಸ ನಡೆಯುತ್ತಿದೆ ಎನ್ನಿಸುತ್ತದೆ. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಮಡ್ಡಿ ಇದ್ದಲ್ಲಿಯೇ ಇರುತ್ತದೆ.

ಬಿಳಿಚುವ ಪುಡಿಯನ್ನಾಗಲಿ ಬ್ಲೀಚಿನ ದ್ರವವನ್ನಾಗಲಿ ಬಳಸಲೇಬಾರದು. ಅದು ಅಂಗಿಯ ಬಣ್ಣವನ್ನು ತಿನ್ನುವುದು ಹಾಗಿರಲಿ, ಹುಳಿಯೊಡನೆ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಇದು ಪ್ರಾಣಕ್ಕೇ ಅಪಾಯ.

ನಿಂಬೆಹಣ್ಣನ್ನು ಹಿಂಡಿ ಬಿಸಿಲಿಗೆ ಹಾಕುವುದು ಬಿಳಿಯ ಬಟ್ಟೆಗೆ ಹೇಳಿದ ಉಪಾಯ. ಹುಳಿಯೂ ಬಿಸಿಲೂ ಕೂಡಿ ಕಡುಬಣ್ಣವನ್ನು ಮಸುಕಾಗಿಸುತ್ತವೆ. ಹುಳಿ ಉಳಿದಿರುವ ಹತ್ತಿಯ ಮೇಲೆ ಕಾದ ಇಸ್ತ್ರಿಯನ್ನು ಎಳೆದರೆ ನೂಲು ಜೀರ್ಣವಾಗುತ್ತದೆ. ಎರಡಕ್ಕೂ ಮದ್ದು ಒಂದೇ, ಚೆನ್ನಾಗಿ ಜಾಲಿಸುವುದು.

ಕಟ್ಟದಂತೆ ತಡೆಯುವುದು

ಬೆವರುರೋಧಕವನ್ನು ಬೆಳಗಿನ ಅವಸರದಲ್ಲಿ ಒದ್ದೆ ಮೈಗೆ ಹಚ್ಚುವುದಕ್ಕಿಂತ ರಾತ್ರಿ ಮಲಗುವ ಮೊದಲು ಒಣಗಿದ ಚರ್ಮಕ್ಕೆ ತೆಳ್ಳಗೆ ಹಚ್ಚುವುದು ಲೇಸು. ರಾತ್ರಿ ಬೆವರು ಕಡಿಮೆ. ಲವಣಕ್ಕೆ ರಂಧ್ರದಲ್ಲಿ ನೆಲೆಗೊಳ್ಳಲು ಹೊತ್ತು ಸಿಗುತ್ತದೆ. ಬೆಳಗಿನ ಸ್ನಾನದಲ್ಲಿ ಚರ್ಮದ ಮೇಲಿನ ಹೆಚ್ಚಳ ತೊಳೆದುಹೋದರೂ ಒಳಗಿನ ಬಿರಡೆ ನಿಲ್ಲುತ್ತದೆ. ಅಂಗಿಗೆ ಅಂಟಲು ಉಳಿಯುವುದು ಸ್ವಲ್ಪವೇ. ಬೆಳಿಗ್ಗೆಯೇ ಹಚ್ಚಬೇಕಾದರೆ ಫ್ಯಾನಿನ ಕೆಳಗೆ ಐದು ನಿಮಿಷ ಆರಿಸಿಕೊಂಡು ಅಂಗಿ ತೊಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಎರಡು ಪದರ ಹಚ್ಚಿದರೆ ಬೆವರು ಎರಡರಷ್ಟು ನಿಲ್ಲುವುದಿಲ್ಲ. ಎರಡನೆಯ ಪದರ ಹೆಚ್ಚಾಗಿ ಬಟ್ಟೆಯ ಪಾಲಾಗುತ್ತದೆ. ಒಳಗೆ ತೋಳಿರುವ ಹತ್ತಿಯ ಬನಿಯನ್ನು ತೊಟ್ಟರೆ ಮಡ್ಡಿಯ ಬಹುಭಾಗವನ್ನು ಅದೇ ಹೊತ್ತುಕೊಳ್ಳುತ್ತದೆ.

ಮನೆಗೆ ಬಂದೊಡನೆ, ಸಾಬೂನು ಮುಟ್ಟಿಸುವ ಮೊದಲೇ, ಕಂಕುಳ ಭಾಗವನ್ನು ಬರಿಯ ನೀರಿನಲ್ಲಿ ಹಿಸುಕಿ ಜಾಲಿಸುವ ಅಭ್ಯಾಸ ಒಳ್ಳೆಯದು. ಇನ್ನೂ ಗಟ್ಟಿಯಾಗದ ಲವಣ ಆ ನೀರಿನಲ್ಲಿಯೇ ಹೊರಟುಹೋಗುತ್ತದೆ. ರಾತ್ರಿಯೆಲ್ಲ ಬುಟ್ಟಿಯಲ್ಲಿ ಮುದ್ದೆಯಾಗಿ ಬಿದ್ದ ಅಂಗಿಗೆ ಆ ಅವಕಾಶವಿಲ್ಲ.

ನೀರಿನ ಗುಣವನ್ನೂ ನೋಡಿಕೊಳ್ಳಬೇಕು. ನಗರದ ಹಲವು ಮನೆಗಳಿಗೆ ಹೂಗ್ಲಿಯ ಶುದ್ಧೀಕರಿಸಿದ ನೀರು ಬಂದರೆ, ಕೆಲವು ಮನೆಗಳು ಕೊಳವೆ ಬಾವಿಯ ಗಡಸು ನೀರನ್ನು ಬಳಸುತ್ತವೆ. ಗಡಸು ನೀರಿನಲ್ಲಿ ಸಾಬೂನು ನೊರೆಯ ಬದಲು ಮೊಸರಿನಂಥ ಬಿಳಿಯ ಗಷ್ಟಾಗುತ್ತದೆ. ಅದೂ ಹೋಗಿ ಕಂಕುಳಲ್ಲಿಯೇ ಸೇರುತ್ತದೆ. ಒಂದು ಬಾಟಲಿ ನೀರಿಗೆ ಸಾಬೂನಿನ ಚೂರನ್ನು ಹಾಕಿ ಕುಲುಕಿದರೆ ನಿಮ್ಮ ಮನೆಯ ನೀರು ಎಂಥದೆಂದು ತಿಳಿಯುತ್ತದೆ. ಗಷ್ಟು ಕಟ್ಟಿದರೆ ಕಡುಬಣ್ಣದ ಬಟ್ಟೆಗಳಿಗೆ ಬಾರ್ ಸಾಬೂನನ್ನು ಬಿಟ್ಟು ಡಿಟರ್ಜೆಂಟನ್ನೇ ಬಳಸಬೇಕು. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ದ್ರವವನ್ನೂ ಬಿಡಬೇಕು; ಅದು ನೂಲಿನ ಮೇಲೆ ಜಿಡ್ಡಿನ ಪದರವನ್ನು ಹಾಸಿ ಮಡ್ಡಿ ಕೂರಲು ಎಡೆಮಾಡುತ್ತದೆ.

ತಿಂಗಳಿಗೊಮ್ಮೆ, ಬಿರುಸು ಕಾಣಿಸಿಕೊಳ್ಳುವ ಮೊದಲೇ, ಅದೇ ನಿಂಬೆ ಉಪ್ಪಿನ ನೀರಿನಲ್ಲಿ ಕಂಕುಳನ್ನು ಅರ್ಧ ಗಂಟೆ ನೆನೆಸಿ, ಜಾಲಿಸಿ, ಆಮೇಲೆ ಒಗೆಯಬೇಕು. ತಿಂಗಳ ಮಡ್ಡಿ ಎಳೆಯದು. ಒಂದೇ ಸಲಕ್ಕೆ ಕರಗುತ್ತದೆ. ಬಾಯಿಪಾಠಕ್ಕೆ ಸಾಕಾದ ಮಾತು ಇಷ್ಟು: ಹೊಸ ಗೀರಿಗೆ ಒಣ ಬಟ್ಟೆ, ಹಳೆಯ ಮಡ್ಡಿಗೆ ಮೊದಲು ಹುಳಿ, ನಡುವೆ ಧಾರಾಳವಾಗಿ ನೀರು, ಸಾಬೂನು ಎಲ್ಲಕ್ಕಿಂತ ಕೊನೆಗೆ.